69 ತಾಯಂದಿರು, ಆದರೆ ಎಷ್ಟಕ್ಕೆ?

ಗರ್ಭಿಣಿಯರ ತಪಾಸಣಾ ಶಿಬಿರಕ್ಕೆ ಅಂತ ನಮ್ಮ ಸಂಘದವರು ದುಡ್ಡು ಕೊಟ್ಟು ಕರಪತ್ರ ಬರೆಸಿದ್ದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "2022ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಸಾವಿರ ಮಹಿಳೆಯರಿಗೆ 69 ಮಂದಿ ಹೆರಿಗೆಯಲ್ಲಿ ಸಾಯುತ್ತಿದ್ದಾರೆ." ಹಂಚಿದ ದಿನವೇ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. "ಏನಕ್ಕಾ ಇದು? ಏಳು ತಿಂಗಳ ಬಸುರಿ ಓದಿ ಅಳ್ತಾ ಕೂತಿದಾಳೆ!" ಉಳಿದ ಕಟ್ಟುಗಳನ್ನು ಮೂಲೆಗೆ ಹಾಕಿ ಹೊಸದಾಗಿ ಅಚ್ಚು ಹಾಕಿಸಬೇಕಾಯಿತು.

69 ಅನ್ನೋದು ಸುಳ್ಳಲ್ಲ. ಕೇಂದ್ರದ ಎಸ್‌ಆರ್‌ಎಸ್ ಸಮೀಕ್ಷೆಯಲ್ಲಿ ಕರ್ನಾಟಕದ ತಾಯಿ ಮರಣ ಪ್ರಮಾಣ ಅಂತ ಕೊಟ್ಟಿರುವುದೇ ಅದು. ಕೆಟ್ಟಿದ್ದು ಅದರ ಸುತ್ತಲಿನ ಮಾತುಗಳು.

ಆ ಲೆಕ್ಕ ಇರುವುದು ಲಕ್ಷಕ್ಕೆ. ಶಿಶು ಮರಣವನ್ನು ಸಾವಿರಕ್ಕೆ ಹೇಳುತ್ತಾರೆ, ಎರಡೂ ಸುದ್ದಿಯಲ್ಲಿ ಅಕ್ಕಪಕ್ಕವೇ ಬರುತ್ತವೆ, ಹಾಗಾಗಿ ಗೊಂದಲ ಸುಲಭ. ಆದರೆ ಸ್ವಲ್ಪ ಗುಣಿಸಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ರಾಜ್ಯದಲ್ಲಿ ವರ್ಷಕ್ಕೆ 10 ಲಕ್ಷ ಹೆರಿಗೆ ಅಂತ ಇಟ್ಟುಕೊಳ್ಳಿ. ಲಕ್ಷಕ್ಕೆ 69 ಅಂದರೆ 690 ಸಾವು. ಸಾವಿರಕ್ಕೆ 69 ಅಂದರೆ 69,000! ಹಾಗಿದ್ದಿದ್ದರೆ ಪ್ರತಿ ಬೀದಿಯಲ್ಲೂ ಒಂದು ಸಾವಿನ ಮನೆ ಇರುತ್ತಿತ್ತು, ಅಲ್ವಾ?

"ಮಹಿಳೆಯರಿಗೆ" ಅನ್ನುವುದೂ ತಪ್ಪು. ಇಲ್ಲಿ ಭಾಗಿಸುವುದು ಸಜೀವ ಜನನಗಳ ಸಂಖ್ಯೆಯಿಂದ, ಹೆಂಗಸರ ಸಂಖ್ಯೆಯಿಂದ ಅಲ್ಲ. 15ರಿಂದ 49 ವರ್ಷದ ಲಕ್ಷ ಮಹಿಳೆಯರಿಗೆ ಎಷ್ಟು ಸಾವು ಅನ್ನುವ ಬೇರೆ ಅಂಕಿಯೂ ಅದೇ ಕೋಷ್ಟಕದಲ್ಲಿ ಇರುತ್ತದೆ. ಆ ವಯಸ್ಸಿನವರೆಲ್ಲ ಪ್ರತಿ ವರ್ಷ ಹೆರುವುದಿಲ್ಲವಲ್ಲ, ಹಾಗಾಗಿ ಅದು ತುಂಬಾ ಚಿಕ್ಕದು. ಕೋಷ್ಟಕದ ಕಾಲಂ ತಲೆಬರಹ ಓದದೆ ಅಂಕಿ ಎತ್ತಿಕೊಂಡರೆ ಇದೇ ಗತಿ.

2022 ವರದಿ ಹೊರಬಂದ ವರ್ಷ, ಅಷ್ಟೇ. ಅಂಕಿ 2018-20ರ ಮೂರು ವರ್ಷ ಸೇರಿಸಿ ತೆಗೆದದ್ದು. ತಾಯಂದಿರ ಸಾವು ಸಮೀಕ್ಷೆಯಲ್ಲಿ ಕಡಿಮೆ ಸಿಗುವುದರಿಂದ ಒಂದೇ ವರ್ಷದ್ದು ಸಾಕಾಗುವುದಿಲ್ಲ. ಹಿಂದಿನ ವರದಿಯ 2017-19ರ ಅಂಕಿ 83. ಅದನ್ನು ನೋಡಿ "ಒಂದೇ ವರ್ಷದಲ್ಲಿ 14 ಇಳಿಯಿತು" ಅಂತಲೂ ಬರೆಯಬೇಡಿ. 2018 ಮತ್ತು 2019 ಎರಡರಲ್ಲೂ ಇವೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು "ನಮ್ಮ ತಾಲ್ಲೂಕು" ಅನ್ನುವುದಕ್ಕೆ. ಈ ಸಮೀಕ್ಷೆ ತಾಲ್ಲೂಕಿನ ತಾಯಿ ಮರಣ ಪ್ರಮಾಣ ಕೊಡುವುದೇ ಇಲ್ಲ. ಕೊಟ್ಟರೂ ಹುರುಳಿಲ್ಲ: ವರ್ಷಕ್ಕೆ 4,000 ಹೆರಿಗೆ ಆಗುವ ಕಡೆ ಲಕ್ಷಕ್ಕೆ 69 ಅಂದರೆ ಮೂರಕ್ಕೂ ಕಡಿಮೆ ಸಾವು. ಒಂದು ಹೆಚ್ಚು ಕಡಿಮೆ ಆದರೂ ಪ್ರಮಾಣ 25ರಷ್ಟು ಹಾರುತ್ತದೆ.

ಬರೆದವರನ್ನು ಕೇಳಿದರೆ, ಸುದ್ದಿಯ ತಲೆಬರಹ ನೋಡಿ ಹಾಕಿದೆ ಅಂದರು. ಹೊಸ ಕರಪತ್ರದಲ್ಲಿ ಹೀಗೆ ಹಾಕಿಸಿದೆವು: "2018-20ರ ಎಸ್‌ಆರ್‌ಎಸ್ ಅಂದಾಜಿನಂತೆ ಕರ್ನಾಟಕದಲ್ಲಿ ಪ್ರತಿ 1 ಲಕ್ಷ ಸಜೀವ ಜನನಕ್ಕೆ 69 ತಾಯಂದಿರ ಸಾವು." ಸಾಲು ಉದ್ದವಾಯಿತು ಅಂತ ಪ್ರೆಸ್ಸಿನವರು ಗೊಣಗಿದರು. ಅಕ್ಷರ ಸಣ್ಣ ಮಾಡಿ ಅಂದೆವು.