ಎಡ ಇಯರ್‌ಬಡ್‌ ಮಂಕಾದಾಗ: ಎರಡು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಈ ಇಯರ್‌ಬಡ್‌ಗಳನ್ನು ಕೊಂಡು ಎರಡು ವರ್ಷ ದಾಟಿತು. ಬ್ಯಾಟರಿಯ ಬಗ್ಗೆ ದೂರಿಲ್ಲ. ಆದರೆ ಈಚೆಗೆ ಎಡಗಡೆಯದು ವಾರದಿಂದ ವಾರಕ್ಕೆ ಮಂಕಾಗುತ್ತ ಬಂತು. ಪಿಟೀಲಿನ ತಾರಸ್ಥಾಯಿ ಸಪ್ಪೆಯಾಯಿತು. ಕರೆಗಳಲ್ಲಿ ಸ, ಶ ಅಕ್ಷರಗಳ ವ್ಯತ್ಯಾಸವೇ ತಿಳಿಯದಾಯಿತು. ಸ್ಪೀಕರ್ ಹೋಗಿದೆ, ಹೊಸದನ್ನು ಕೊಳ್ಳಿ ಎಂದರು ಸೇವಾ ಕೇಂದ್ರದವರು. ನಾನು ಒಪ್ಪಲಿಲ್ಲ. ಕೆಟ್ಟ ಸ್ಪೀಕರ್ ಸಾಮಾನ್ಯವಾಗಿ ಕರಕರ ಎನ್ನುತ್ತದೆ ಅಥವಾ ಒಮ್ಮೆಲೇ ನಿಲ್ಲುತ್ತದೆ. ಹೀಗೆ ನಿಧಾನವಾಗಿ ಧ್ವನಿ ಕುಗ್ಗಿದರೆ ಮೊದಲು ಅನುಮಾನಿಸಬೇಕಾದದ್ದು ಕಿವಿಯ ಗುಗ್ಗೆಯನ್ನು.

ಪರೀಕ್ಷೆ ಸುಲಭ. ಎರಡೂ ಕಡೆಯ ಸಿಲಿಕೋನ್ ಟಿಪ್ ತೆಗೆದು, ಅದೇ ಹಾಡನ್ನು ಒಂದೊಂದರಲ್ಲಿ ಕಿವಿಯ ಹತ್ತಿರ ಹಿಡಿದು ಕೇಳಬೇಕು. ಟಿಪ್ ಇಲ್ಲದಾಗ ಬೇಸ್ ಎರಡರಲ್ಲೂ ಕಡಿಮೆಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಈಗ ಎರಡೂ ಸಮನಾಗಿ ಕೇಳಿದರೆ ಕಟ್ಟಿಕೊಂಡಿರುವುದು ಟಿಪ್. ನನ್ನ ಎಡಗಡೆಯದು ಆಗಲೂ ಮಂಕಾಗಿಯೇ ಇತ್ತು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಕಾರಣ ಕಂಡಿತು: ಬಲಗಡೆಯ ಜಾಲರಿಯ ಪ್ರತಿ ರಂಧ್ರವೂ ಸ್ಪಷ್ಟ, ಎಡಗಡೆಯದರ ಅರ್ಧಭಾಗಕ್ಕೆ ಹೊಳೆಯುವ ಹಳದಿ ಪೊರೆ.

ಟಿಪ್‌ಗಳನ್ನು ಉಗುರುಬೆಚ್ಚಗಿನ ನೀರು, ಚೂರು ಸೋಪಿನಲ್ಲಿ ತೊಳೆದು ರಾತ್ರಿಯಿಡೀ ಒಣಗಲು ಬಿಟ್ಟೆ. ಒಳಗೆ ತೇವ ಉಳಿದರೆ ಅದು ನೇರ ಜಾಲರಿಗೇ ಇಳಿಯುತ್ತದೆ. ಸ್ಪಂಜಿನಂತಹ ಫೋಮ್ ಟಿಪ್ ಆದರೆ ನೆನೆಸಬಾರದು, ಒರೆಸಬೇಕು. ಹಳತಾದರೆ ಬದಲಿಸುವುದೇ ಲೇಸು.

ಜಾಲರಿಗೆ ನೀರು ಬೇಡ. ಇಯರ್‌ಬಡ್‌ನ ಬಾಯಿ ಕೆಳಮುಖವಾಗಿರುವಂತೆ ಹಿಡಿದು, ಮಕ್ಕಳ ಮೃದುವಾದ ಒಣ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿದೆ. ಕೆಳಮುಖ ಏಕೆಂದರೆ, ಸಡಿಲಗೊಂಡ ಪುಡಿ ಒಳಗೆ ಬೀಳದೆ ಹೊರಗೆ ಉದುರಬೇಕು. ಅಂಟಿಕೊಂಡಿದ್ದ ಪೊರೆಗೆ, ಗೋಡೆಗೆ ಭಿತ್ತಿಪತ್ರ ಅಂಟಿಸುವ ಮೆತ್ತನೆಯ ಅಂಟುಮುದ್ದೆಯನ್ನು ಮೆಲ್ಲಗೆ ಒತ್ತಿ ತಕ್ಷಣ ಎತ್ತಿದೆ. ಪ್ರತಿ ಸಲ ಮುದ್ದೆಯ ಹೊಸ ಭಾಗವನ್ನೇ ಬಳಸಿದೆ. ಅದುಮಿದರೆ ಮುದ್ದೆಯೇ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಪಿನ್ನು, ಸೂಜಿ ಖಂಡಿತ ಬೇಡ. ಜಾಲರಿ ಹರಿಯಬಹುದು, ಇಲ್ಲವೇ ಗುಗ್ಗೆ ಇನ್ನೂ ಆಳಕ್ಕೆ ಹೋಗಬಹುದು. ಬಾಯಿಂದ ಊದಿದರೆ ತೇವ ಸೇರುತ್ತದೆ; ಒತ್ತಡದ ಗಾಳಿ ತೆಳು ಪೊರೆಯ ಸ್ಪೀಕರನ್ನೇ ಹಾಳುಮಾಡಬಲ್ಲದು. ಪೆಟ್ಟಿಗೆಯ ಮೇಲಿನ IPX4 ಗುರುತನ್ನು ನಂಬಿ ನಲ್ಲಿಯ ಕೆಳಗೆ ಹಿಡಿಯುವವರಿದ್ದಾರೆ. ಆ ಗುರುತು ಎರಚಿದ ಹನಿಗಳಿಗೆ ಮಾತ್ರ, ಮುಳುಗಿಸುವುದಕ್ಕಲ್ಲ.

ಎಡಗಡೆಯದು ಈಗ ಬಲಗಡೆಯದಕ್ಕೆ ಸರಿಸಮ, ಪಿಟೀಲಿನ ತಾರಸ್ಥಾಯಿ ಮತ್ತೆ ಕೇಳುತ್ತಿದೆ. ಆದರೂ ತಯಾರಕರ ಮೇಲೆ ನನ್ನದೊಂದು ದೂರಿದೆ: ಜಾಲರಿಯನ್ನು ಅಂಟಿಸಿಬಿಟ್ಟಿದ್ದಾರೆ, ಬಿಡಿಯಾಗಿ ಸಿಗುವುದಿಲ್ಲ. ಗುಗ್ಗೆ ಜಾಲರಿಯನ್ನು ದಾಟಿ ಒಳಗೆ ಸೇರಿದರೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಧ್ವನಿಗೆ ಪೂರ್ಣ ಅಂಕ ಕೊಟ್ಟು, ಇದಕ್ಕಾಗಿ ಒಂದು ನಕ್ಷತ್ರ ಕಳೆಯುತ್ತೇನೆ.