ಫೋನ್ ಬದಲಿಸಿದ್ರೂ ನಿಲ್ಲುತ್ತೆ, ಸಿಮ್ ಬದಲಿಸಿದ್ರೂ ನಿಲ್ಲುತ್ತೆ: ನಮ್ಮ ಬ್ಯಾಂಕ್ ಆ್ಯಪ್‌ಗೆ 5ಕ್ಕೆ 4

ನಮ್ಮದು ಕಿರಾಣಿ ಅಂಗಡಿ. ರಾತ್ರಿ ಶಟರ್ ಎಳೆದ ಮೇಲೆ ಗಲ್ಲಾ ಪಕ್ಕ ಕೂತು ಆ್ಯಪ್ ತೆಗೆದು ಮಿನಿ ಸ್ಟೇಟ್‌ಮೆಂಟ್ ನೋಡೋದು, ಉದ್ರಿ ಪುಸ್ತಕದಲ್ಲಿ ಯಾರ್ಯಾರದ್ದು ಬಂತೋ ಅವರ ಹೆಸರ ಮೇಲೆ ಕೆಂಪು ಪೆನ್ನಲ್ಲಿ ಗೀಟು ಹಾಕೋದು, ಆಮೇಲೇ ಮನೆ. ಅದಕ್ಕೆ ಈ ಆ್ಯಪ್ ಎಷ್ಟು ವರ್ಷದಿಂದ ಕೈ ಕೊಟ್ಟಿಲ್ಲ, ಬೇಗ ಓಪನ್ ಆಗುತ್ತೆ. ಉಳಿದ ಫೀಚರ್ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ನನಗೆ ಸಿಟ್ಟು ಬಂದಿದ್ದು ಫೋನ್ ಬದಲಿಸಿದಾಗ. ಹಳೇ ಫೋನಿಂದ ಫೋಟೋ, ಕಾಂಟ್ಯಾಕ್ಟ್ ಎಲ್ಲ ಹೊಸದಕ್ಕೆ ಬಂತು, ಬ್ಯಾಂಕ್ ಆ್ಯಪ್ ಐಕಾನೂ ಬಂತು, ಒತ್ತಿದ್ರೆ ಮಾತ್ರ ಮೊದಲಿಂದ ರಿಜಿಸ್ಟರ್ ಮಾಡಿ ಅಂತು. ಆಮೇಲೆ ಗೊತ್ತಾಯ್ತು, ರಿಜಿಸ್ಟರ್ ಮಾಡೋವಾಗ ಆ್ಯಪ್ ಆ ಫೋನಿನೊಳಗೇ ಒಂದು ಗುಟ್ಟಿನ ಕೀ ಮಾಡಿಟ್ಟುಕೊಳ್ಳುತ್ತೆ, ಅದು ಬ್ಯಾಕಪ್‌ನಲ್ಲಿ ಹೋಗೋದಿಲ್ಲ, ಹೋಗಲೂಬಾರದು. ಬ್ಯಾಂಕ್ ಸರ್ವರ್ ಹತ್ರ ಈ ನಂಬರು, ಈ ಫೋನು, ಈ ಖಾತೆ ಅಂತ ಜೋಡಿ ಮಾಡಿ ಬರೆದಿರುತ್ತೆ, ಇದಕ್ಕೇ ಡಿವೈಸ್ ಬೈಂಡಿಂಗ್ ಅನ್ನೋದು. ಜೋಡಿ ತಪ್ಪಿದ್ರೆ ನಿಮ್ಮ ಪಿನ್ ಸರಿಯಿದ್ರೂ ಒಳಗೆ ಬಿಡಲ್ಲ.

ರಿಜಿಸ್ಟರ್ ಮಾಡುವಾಗ 'ಎಸ್ಸೆಮ್ಮೆಸ್ ಕಳಿಸ್ತಿದೀವಿ' ಅಂತ ಒಂದು ಚಕ್ರ ತಿರುಗುತ್ತಲ್ಲ, ಕೆಲಸ ಎಲ್ಲ ಅಲ್ಲೇ ಇರೋದು. ಅದು ಓಟಿಪಿ ಥರ ಬ್ಯಾಂಕಿಂದ ನಮಗೆ ಬರೋದಲ್ಲ, ನಮ್ಮ ಸಿಮ್ಮಿಂದ ಬ್ಯಾಂಕಿಗೆ ಹೋಗೋದು. ಅರ್ಥ ಆಗದ ಅಕ್ಷರಗಳ ಉದ್ದ ಸಾಲು ಅಷ್ಟೇ. ಓಟಿಪಿನ ಯಾರಾದ್ರೂ ನಯವಾಗಿ ಕೇಳಿದ್ರೆ ಜನ ಬಾಯಿಬಿಟ್ಟು ಹೇಳಿಬಿಡ್ತಾರೆ, ಆದ್ರೆ ಹೋಗೋ ಎಸ್ಸೆಮ್ಮೆಸ್ ಯಾವ ನಂಬರಿಂದ ಬಂತು ಅನ್ನೋದನ್ನ ಟೆಲಿಕಾಂ ನೆಟ್‌ವರ್ಕೇ ಬ್ಯಾಂಕಿಗೆ ತೋರಿಸುತ್ತೆ. ಅದಕ್ಕೇ ಸಿಮ್ ಅದೇ ಫೋನಲ್ಲಿರಬೇಕು, ಎರಡು ಸಿಮ್ ಇದ್ರೆ ಬ್ಯಾಂಕಿಗೆ ಕೊಟ್ಟ ನಂಬರೇ ಆರಿಸಬೇಕು, ಎಸ್ಸೆಮ್ಮೆಸ್ ಕಳಿಸೋಕೆ ಬ್ಯಾಲೆನ್ಸೋ ಪ್ಯಾಕೋ ಇರಬೇಕು. ವೈಫೈ ಇದ್ರೆ ಸಾಕು ಅನ್ಕೊಂಡ್ರೆ ಆಗಲ್ಲ. ಇದೆಲ್ಲ ಸರಿ ಇತ್ತು, ಮತ್ತೆ ರಿಜಿಸ್ಟರ್ ಮಾಡ್ದೆ, ಶುರುವಾಯ್ತು.

ಒಂದು ಸ್ಟಾರ್ ಕಿತ್ಕೊಂಡಿದ್ದು ಆಮೇಲಿನ ಕತೆ. ಸಿಮ್ ಹಾಳಾಗಿ ಟವರ್ ಸಿಗ್ತಿರ್ಲಿಲ್ಲ, ಅದೇ ನಂಬರಿಗೆ ಡೂಪ್ಲಿಕೇಟ್ ಸಿಮ್ ತಂದು ಹಾಕಿದೆ. ಕಾಲ್ ಹೋಗುತ್ತೆ, ನೆಟ್ ಬರುತ್ತೆ, ಆ್ಯಪ್ ಮಾತ್ರ ಸಿಮ್ ಬದಲಾಗಿದೆ ಅಂತ ಗುರುತು ಹಿಡಿದು ಮತ್ತೆ ರಿಜಿಸ್ಟರ್ ಕೇಳ್ತು, ಕೊನೆಗೆ 'ಡಿವೈಸ್ ಬೈಂಡಿಂಗ್ ವಿಫಲವಾಗಿದೆ, ಪುನಃ ಪ್ರಯತ್ನಿಸಿ' ಅಂತು. ಎಷ್ಟು ಸಲ ಪ್ರಯತ್ನಿಸಿದ್ರೂ ಅದೇ. ಕಾರಣ ಹೇಳಿದ್ದು ಸಿಮ್ ಕೊಟ್ಟ ಅಂಗಡಿ ಹುಡುಗ: "ಅಣ್ಣ, ಹೊಸ ಸಿಮ್ಮಲ್ಲಿ 24 ಗಂಟೆ ಮೆಸೇಜ್ ಹೋಗಲ್ಲ, ಬರೋದೂ ಇಲ್ಲ, ಸರ್ಕಾರದ ರೂಲ್ಸು." 2022ರಲ್ಲಿ ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಇದನ್ನ ಆ್ಯಪೇ ಒಂದು ಸಾಲಲ್ಲಿ ಹೇಳಿದ್ದಿದ್ರೆ ನಾನು ಅರ್ಧ ದಿನ ಫೋನ್ ಹಿಡ್ಕೊಂಡು ಕೂರ್ತಿರ್ಲಿಲ್ಲ. ಮಾರನೇ ದಿನ ಬೈಂಡ್ ಆಯ್ತು, ಆದ್ರೆ ಹೊಸದಾಗಿ ಬೈಂಡ್ ಆದ ಮೇಲೆ ಯುಪಿಐಗೆ ಇನ್ನೂ 24 ಗಂಟೆ ₹5,000 ಮಿತಿ. ಎಣ್ಣೆ ಹೋಲ್‌ಸೇಲ್‌ನವರಿಗೆ ₹18,000 ಕೊಡಬೇಕಿತ್ತು, ಬ್ರಾಂಚಿಗೆ ಹೋಗಿ ಕ್ಯಾಶ್ ತೆಗೆದು ಕೊಟ್ಟೆ.

ಆದ್ರೂ ಆ 24 ಗಂಟೆ ಬಗ್ಗೆ ಈಗ ನನಗೆ ಬೇಜಾರಿಲ್ಲ. ಬೇರೆ ಯಾವನೋ ನನ್ನ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತಗೊಂಡ ಅನ್ಕೊಳ್ಳಿ. ಆಗ ನನ್ನ ಸಿಮ್ ಸಾಯುತ್ತೆ, ಫೋನಲ್ಲಿ 'ನೋ ಸರ್ವಿಸ್' ಬರುತ್ತೆ. ಅವನು ತನ್ನ ಫೋನಲ್ಲಿ ನನ್ನ ಆ್ಯಪ್ ಎಬ್ಬಿಸೋಕೆ ಎಸ್ಸೆಮ್ಮೆಸ್ ಹೋಗಬೇಕು, ಅದು ಒಂದು ದಿನ ಹೋಗಲ್ಲ. ಅಷ್ಟರೊಳಗೆ ನಾನು ಬೇರೆ ಫೋನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ಹೇಳಿ ಬಂದ್ ಮಾಡಿಸಬಹುದು, ದುಡ್ಡು ಹೋಗಿದ್ರೆ 1930ಕ್ಕೆ ಫೋನ್ ಮಾಡಬಹುದು. ದಿನ ಕಳೆದು ಅವನಿಗೆ ಬೈಂಡ್ ಆದ್ರೂ ಹೊಸ ಯುಪಿಐ ಪಿನ್ ಹಾಕೋಕೆ ನನ್ನ ಡೆಬಿಟ್ ಕಾರ್ಡ್ ವಿವರವೋ ಆಧಾರ್ ವಿವರವೋ ಬೇಕು. ಕಾರಣ ಇಲ್ಲದೆ ಅರ್ಧ ಗಂಟೆ ಮೇಲೆ ಟವರ್ ಹೋದ್ರೆ, ಪಕ್ಕದವರ ಅದೇ ಕಂಪನಿ ಸಿಮ್ಮಲ್ಲಿ ಟವರ್ ಇದ್ರೆ, ಸುಮ್ನೆ ಕೂರಬೇಡಿ.

ಇಷ್ಟೆಲ್ಲ ಇದ್ರೂ ಒಂದು ತೂತಿದೆ, ಅದನ್ನ ಬ್ಯಾಂಕ್ ಮುಚ್ಚೋಕಾಗಲ್ಲ. ಕಳ್ಳ ತನ್ನ ಫೋನಲ್ಲಿ ರಿಜಿಸ್ಟ್ರೇಷನ್ ಶುರು ಮಾಡಿ, ಹೋಗಬೇಕಾದ ಆ ಅಕ್ಷರಗಳ ಸಾಲನ್ನ ವಾಟ್ಸಾಪಲ್ಲಿ ನಿಮಗೆ ಕಳಿಸಿ "ಕೆವೈಸಿ ಅಪ್‌ಡೇಟ್ ಆಗಬೇಕು, ಇದನ್ನ ಈ ನಂಬರಿಗೆ ಮೆಸೇಜ್ ಮಾಡಿ ಸಾರ್" ಅಂತಾನೆ. ನೀವು ಕಳಿಸಿದ್ರೆ ಎಸ್ಸೆಮ್ಮೆಸ್ ನಿಮ್ಮ ಸಿಮ್ಮಿಂದಲೇ ಹೋಯ್ತು, ಬೈಂಡ್ ಆಗಿದ್ದು ಅವನ ಫೋನು. ಅಪ್ಪನಿಗೆ ನಾನು ಹೇಳಿಟ್ಟಿದ್ದು ಇಷ್ಟೇ, ಅಂಥ ಮೆಸೇಜನ್ನ ಆ್ಯಪ್ ತಾನೇ ಕಳಿಸುತ್ತೆ, ಮನುಷ್ಯರು ಯಾರಾದ್ರೂ ಕಳಿಸಿ ಅಂದ್ರೆ ಫೋನ್ ಇಡಿ.