ಕ್ಲಾಸ್ ಗ್ರೂಪಲ್ಲಿ ಮಗನ ಸ್ಟಿಕರ್: ಸಸ್ಪೆಂಡಾ, ಕೂರಿಸಿ ಮಾತಾಡ್ಸೋದಾ, ಕಂಪ್ಲೇಂಟಾ?

ಅಕ್ಕ, ಒಂಬತ್ತನೇ ಕ್ಲಾಸ್ ಓದೋ ನಿಮ್ಮ ಮಗನ ಫೋಟೋನ ಕ್ಲಾಸ್ ಗ್ರೂಪಲ್ಲಿ ರೇಗಿಸೋ ಸ್ಟಿಕರ್ ಮಾಡಿದಾರೆ, ಸ್ಕೂಲಿಗೆ ಏನು ಕೇಳ್ಬೇಕು ಅಂದ್ರಲ್ಲ. ಮೊದ್ಲು ಒಂದು ಮಾತು, ಗ್ರೌಂಡಲ್ಲಿ ರೇಗಿಸಿದ್ರೆ ಬೆಲ್ ಹೊಡೆದ್ಮೇಲೆ ಮನೇಲಾದ್ರೂ ನೆಮ್ಮದಿ, ಇಲ್ಲಿ ರಾತ್ರಿ ಹನ್ನೊಂದಕ್ಕೂ ಫೋನ್ ಟಿಂಗ್ ಅನ್ನುತ್ತೆ, ಮಾಡ್ದೋನು ಒಬ್ಬ ಆದ್ರೂ ಸೇವ್ ಮಾಡ್ಕೊಂಡು ಹಂಚೋರು ಮೂವತ್ತು ಜನ.

ಬೇಗ ನಿಲ್ಲೋದು ನೋಡಿದ್ರೆ ಸಸ್ಪೆನ್ಷನ್ ಅಷ್ಟೇನೂ ಉಪಯೋಗ ಇಲ್ಲ, ಮನೇಲಿ ಕೂತೋನ ಕೈಲಿ ಫೋನ್ ಇದ್ದೇ ಇರುತ್ತಲ್ಲ! ಗ್ರೌಂಡಲ್ಲಿ ಹೊಡೆದೋನ್ನ ದೂರ ಇಡೋಕೆ ಅದು ಸರಿ. ಸ್ಟಿಕರ್ ವಿಷ್ಯಕ್ಕೆ ಕೌನ್ಸೆಲರ್ ಕರೆಸಿ ಮಾತಾಡ್ಸೋದೇ ವಾಸಿ, ಆದ್ರೆ ನಿಮ್ಮ ಮಗ ಒಪ್ಪಿದ್ರೆ ಮಾತ್ರ ಎದುರುಬದುರು ಕೂರಿಸ್ಲಿ, ಇಲ್ದಿದ್ರೆ ಬೇರೆ ಬೇರೆ. ಫಾರ್ವರ್ಡ್ ಮಾಡ್ದೋರ್ನೂ ಕರೀಬೇಕು. ಬಲವಂತದ ಸಾರಿ ಹೇಳ್ಸಿದ್ರೆ ಮಾರನೇ ದಿನ ಆ ಸಾರಿನೇ ಸ್ಟಿಕರ್ ಆಗುತ್ತೆ.

ಸಾಕ್ಷಿ ವಿಷ್ಯದಲ್ಲಿ ಮೂರಕ್ಕೂ ಒಂದೇ: ಗ್ರೂಪ್ ಹೆಸರು, ನಂಬರ್, ದಿನಾಂಕ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಅಡ್ಮಿನ್ ಕೈಲಿ ಎಲ್ರಿಗೂ ಡಿಲೀಟ್ ಮಾಡ್ಸಿ. ಮೊದ್ಲೇ ಡಿಲೀಟ್ ಆದ್ರೆ 'ನಾನಲ್ಲ' ಅಂತಾರೆ.

ಆದ್ರೆ ಬೆತ್ತಲೆ ಮಾಡಿ ಎಡಿಟ್ ಮಾಡಿದ ಫೋಟೋ ಇದ್ರೆ ಲೆಕ್ಕ ಬೇರೆ, ಆಗ ಸ್ಕೂಲಲ್ಲೇ ರಾಜಿ ಬೇಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಿರೋ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದ ಸ್ಕೂಲು ಪೊಲೀಸರಿಗೆ ತಿಳಿಸ್ಲೇಬೇಕು. ಅದರ ಸ್ಕ್ರೀನ್‌ಶಾಟ್ ಟೀಚರ್ಸ್ ಗ್ರೂಪಿಗೂ ಹಾಕ್ಬೇಡಿ, ಫೋನ್ ಹಾಗೇ ಇಟ್ಟು cybercrime.gov.in ಅಥವಾ ಠಾಣೇಲಿ ಕಂಪ್ಲೇಂಟ್ ಕೊಡಿ. ಮಕ್ಕಳ ಸಹಾಯವಾಣಿ 1098ಗೂ ಫೋನ್ ಮಾಡ್ಬಹುದು.